ಬಸ್ಸು ಬರಲಿಲ್ಲ, ರೈಲು ಹೊರಡಲಿಲ್ಲ: ಟಿಕೆಟ್ ಹಣ ಮರಳಿ ಪಡೆಯುವ ಕ್ರಮ

ಗುಂಡ್ಲುಪೇಟೆಯಿಂದ ಬೆಂಗಳೂರಿಗೆ ರಾತ್ರಿ ಪ್ರಯಾಣ ಮಾಡುವವರಲ್ಲಿ ಅನೇಕರು ಹತ್ತುವ ಬಸ್ಸು ಬೇರೆಲ್ಲೋ ಹೊರಟು ನಮ್ಮೂರ ಮೇಲೆ ಹಾದುಹೋಗುವಂಥದ್ದು. ಅದು ಕೋಯಿಕ್ಕೋಡ್ ಅಥವಾ ಸುಲ್ತಾನ್ ಬತ್ತೇರಿಯಿಂದ ಬರುತ್ತದೆ, ಇಲ್ಲವೇ ಊಟಿಯಿಂದ ಇಳಿಯುತ್ತದೆ. ಚಾಮರಾಜನಗರದ ರೈಲು ನಿಲ್ದಾಣದ ಕತೆಯೂ ಹೆಚ್ಚುಕಡಿಮೆ ಇದೇ. ಮೈಸೂರಿನಿಂದ ನಂಜನಗೂಡಿನ ಮೇಲೆ ಬರುವ ಹಳಿ ಅಲ್ಲಿಗೆ ಮುಗಿಯುತ್ತದೆ. ದೂರದಿಂದ ಬರುವ ಗಾಡಿಯನ್ನು ಯಾವುದೋ ಕಾರಣಕ್ಕೆ ಮೈಸೂರಿನಲ್ಲೇ ನಿಲ್ಲಿಸಿಬಿಟ್ಟರೆ ಚಾಮರಾಜನಗರದವರ ಪಾಲಿಗೆ ಅವತ್ತು ರೈಲೇ ಇಲ್ಲ.

ಹೀಗಾಗಿ ನಮ್ಮ ಜಿಲ್ಲೆಯವರಿಗೆ ಒಂದು ವಿಚಿತ್ರ ಉತ್ತರ ಮತ್ತೆ ಮತ್ತೆ ಸಿಗುತ್ತದೆ. ಹಣ ವಾಪಸ್ ಕೇಳಿದರೆ, 'ಗಾಡಿ ಓಡಿದೆ, ರದ್ದಾಗಿಲ್ಲ, ನೀವೇ ಬಂದಿಲ್ಲ' ಎನ್ನುತ್ತಾರೆ. ಗಾಡಿ ಓಡಿದ್ದು ನಿಜವೇ ಇರಬಹುದು. ಆದರೆ ನಮ್ಮೂರಿಗೆ ಬರಲಿಲ್ಲ. ಇಂಥ ಸಂದರ್ಭದಲ್ಲಿ ಹಣವನ್ನು ಹೇಗೆ ಕೇಳಬೇಕು, ಕೊಡದಿದ್ದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲ ಸಲ ಕೇಳುವವರಿಗಾಗಿ ಇಲ್ಲಿ ಒಂದೊಂದಾಗಿ ವಿವರಿಸುತ್ತೇನೆ.

ಎರಡು ಪ್ರಶ್ನೆಗಳನ್ನು ಬೇರೆ ಮಾಡಿ

ಶುರುವಿನಲ್ಲೇ ಒಂದು ವಿಷಯವನ್ನು ತಲೆಯಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ನಾವು ಕೇಳುವುದರಲ್ಲಿ ಎರಡು ಬಗೆಯಿದೆ. ಒಂದು, ಕೊಟ್ಟ ಟಿಕೆಟ್ ಹಣ. ಇನ್ನೊಂದು, ಆದ ತೊಂದರೆಗೆ ಪರಿಹಾರ. ಇವೆರಡೂ ನಿಂತಿರುವ ನೆಲ ಬೇರೆ ಬೇರೆ.

ಪರಿಹಾರ ಬೇಕಾದರೆ ಎದುರಿನವರ ತಪ್ಪನ್ನು ತೋರಿಸಬೇಕು. ಬೇಜವಾಬ್ದಾರಿ ಇತ್ತು, ಮೊದಲೇ ಗೊತ್ತಿದ್ದರೂ ತಿಳಿಸಲಿಲ್ಲ, ಬದಲಿ ವ್ಯವಸ್ಥೆ ಮಾಡಲಿಲ್ಲ ಎಂದೆಲ್ಲ ತೋರಿಸಬೇಕು. ಟಿಕೆಟ್ ಹಣಕ್ಕೆ ಇಷ್ಟೆಲ್ಲ ಬೇಕಾಗಿಲ್ಲ. ಹಣ ತೆಗೆದುಕೊಂಡರು, ಕರೆದುಕೊಂಡು ಹೋಗಲಿಲ್ಲ, ಅಷ್ಟೇ ಸಾಕು. ಮಳೆ ಬಂದು ರಸ್ತೆ ಕೊಚ್ಚಿಹೋಗಿರಲಿ, ಬಂದ್ ಆಗಿರಲಿ, ಮುಷ್ಕರ ನಡೆದಿರಲಿ, ಕೊಡದ ಸೇವೆಯ ಹಣವನ್ನು ಇಟ್ಟುಕೊಳ್ಳಲು ಅದು ಕಾರಣವಾಗದು. 1872ರ ಭಾರತೀಯ ಕರಾರು ಕಾಯ್ದೆಯ 65ನೇ ಕಲಮು ಇದನ್ನೇ ಹೇಳುತ್ತದೆ: ಕರಾರು ನೆರವೇರದೆ ಬಿದ್ದುಹೋದಾಗ ಅದರಿಂದ ಲಾಭ ಪಡೆದವರು ಆ ಲಾಭವನ್ನು ಹಿಂತಿರುಗಿಸಬೇಕು.

ಬಸ್ ಕಚೇರಿಯವರು ಈ ಎರಡನ್ನೂ ಬೆರೆಸಿ ಮಾತಾಡುತ್ತಾರೆ. 'ಅದು ನಮ್ಮ ತಪ್ಪಲ್ಲ, ಹಾಗಾಗಿ ಹಣ ಕೊಡೋಕೆ ಆಗಲ್ಲ' ಎನ್ನುತ್ತಾರೆ. ನೀವು ಶಾಂತವಾಗಿ ಹೇಳಬೇಕಾದ ಉತ್ತರ ಹೀಗಿದೆ: 'ತಪ್ಪು ಯಾರದೆಂದು ಆಮೇಲೆ ಮಾತಾಡೋಣ. ಪ್ರಯಾಣ ನಡೆದಿಲ್ಲ, ಟಿಕೆಟ್ ಹಣ ಕೊಡಿ.' ಮುಂದಿನ ಪ್ರತಿ ಹಂತದಲ್ಲೂ ಇದೇ ಕ್ರಮದಲ್ಲಿ ಕೇಳಬೇಕು.

ರೈಲು: ಪೂರ್ತಿ ರದ್ದೋ, ಭಾಗಶಃ ರದ್ದೋ?

ರೈಲ್ವೆಯಲ್ಲಿ ಹಣ ವಾಪಸಾತಿಗೆ ಲಿಖಿತ ನಿಯಮವಿದೆ. ಅದು 2015ರ ನವೆಂಬರ್ 12ರಿಂದ ಜಾರಿಗೆ ಬಂದ ಟಿಕೆಟ್ ರದ್ದತಿ ಮತ್ತು ದರ ವಾಪಸಾತಿ ನಿಯಮಾವಳಿ. ಗಾಡಿಯನ್ನು ರೈಲ್ವೆಯೇ ರದ್ದು ಮಾಡಿದರೆ ಪೂರ್ತಿ ದರ ಮರಳುತ್ತದೆ. ಆದರೆ ಅದು ಮರಳುವ ದಾರಿ ನೀವು ಟಿಕೆಟ್ ಎಲ್ಲಿ ಕೊಂಡಿರಿ ಎಂಬುದರ ಮೇಲೆ ನಿಂತಿದೆ.

ಐಆರ್‌ಸಿಟಿಸಿಯಲ್ಲಿ ಮಾಡಿಸಿದ ಇ-ಟಿಕೆಟ್ ಆಗಿದ್ದು, ಗಾಡಿ ಹೊರಡುವ ಊರಿನಿಂದ ಕೊನೆಯ ಊರಿನವರೆಗೂ ಪೂರ್ತಿ ರದ್ದಾಗಿದ್ದರೆ ನೀವು ಏನೂ ಮಾಡಬೇಕಿಲ್ಲ. ಹಣ ಕೊಟ್ಟ ಖಾತೆಗೇ ತಾನಾಗಿ ಬರುತ್ತದೆ. ಐಆರ್‌ಸಿಟಿಸಿ ತೆಗೆದುಕೊಂಡ ಸೇವಾ ಶುಲ್ಕ ಮಾತ್ರ ಬರುವುದಿಲ್ಲ. ಅವಸರದಲ್ಲಿ ನೀವೇ ರದ್ದು ಮಾಡಲು ಹೋಗಬೇಡಿ. ರದ್ದತಿ ಯಂತ್ರದಲ್ಲಿ ದಾಖಲಾಗುವ ಮೊದಲೇ ನೀವು ಗುಂಡಿ ಒತ್ತಿದರೆ ಅದು ನಿಮ್ಮ ಇಚ್ಛೆಯ ರದ್ದತಿಯಾಗಿ, ಶುಲ್ಕ ಕಡಿತವಾಗುತ್ತದೆ.

ನಿಲ್ದಾಣದ ಕೌಂಟರಿನಲ್ಲಿ ಕೊಂಡ ಕಾಗದದ ಟಿಕೆಟ್ ಆಗಿದ್ದರೆ ಹಣ ತಾನಾಗಿ ಬರುವುದಿಲ್ಲ. ಮೂರು ದಿನದೊಳಗೆ ಟಿಕೆಟ್ಟನ್ನು ಕಾಯ್ದಿರಿಸುವಿಕೆ ಕೌಂಟರಿಗೆ ಕೊಟ್ಟು ಹಣ ಪಡೆಯಬೇಕು. ಊರ ಹಬ್ಬ, ಮನೆಯ ಕೆಲಸ ಎಂದು ವಾರ ಕಳೆದರೆ ಸುಲಭವಾಗಿ ಸಿಗಬೇಕಾದ ಹಣಕ್ಕೆ ಅರ್ಜಿ ಹಿಡಿದು ಅಲೆಯಬೇಕಾಗುತ್ತದೆ. 2020ರ ಲಾಕ್‌ಡೌನಿನಲ್ಲಿ ಜನ ನಿಲ್ದಾಣಕ್ಕೆ ಬರುವಂತೆಯೇ ಇರಲಿಲ್ಲವಾದ್ದರಿಂದ ರೈಲ್ವೆ ಈ ಗಡುವನ್ನು ತಿಂಗಳುಗಟ್ಟಲೆ ವಿಸ್ತರಿಸಿತು. ಅದು ಆ ಕಾಲಕ್ಕೆ ಮಾತ್ರ ಕೊಟ್ಟ ಸಡಿಲಿಕೆ. ಈಗ ಲೆಕ್ಕಕ್ಕೆ ಬರುವುದು ಮೂರು ದಿನವೇ.

ಚಾಮರಾಜನಗರದವರು ವಿಶೇಷವಾಗಿ ಗಮನಿಸಬೇಕಾದದ್ದು ಭಾಗಶಃ ರದ್ದತಿಯನ್ನು. ತಿರುಪತಿಯಿಂದ ಬರುವ ಎಕ್ಸ್‌ಪ್ರೆಸ್ಸನ್ನು ಹಳಿ ಕಾಮಗಾರಿಗಾಗಿ ಒಂದು ದಿನ ಮೈಸೂರಿಗೇ ಕೊನೆಗೊಳಿಸಿದರು ಎಂದುಕೊಳ್ಳಿ. ರೈಲ್ವೆಯ ದಾಖಲೆಯಲ್ಲಿ ಆ ಗಾಡಿ ಓಡಿದೆ. ಯಂತ್ರ ತಾನಾಗಿ ಹಣ ಹಿಂದಿರುಗಿಸುವುದು ಪೂರ್ತಿ ರದ್ದಾದಾಗ ಮಾತ್ರ. ಇಲ್ಲಿ ನೀವೇ ಕೇಳಬೇಕು. ಇದಕ್ಕೆ ಟಿಡಿಆರ್ ಸಲ್ಲಿಸುವುದು ಎನ್ನುತ್ತಾರೆ. ಐಆರ್‌ಸಿಟಿಸಿ ಜಾಲತಾಣದಲ್ಲಿ ನಿಮ್ಮ ಖಾತೆಗೆ ಹೋಗಿ `My Transactions` ಒಳಗೆ `File TDR` ಆರಿಸಿದರೆ ಕಾರಣಗಳ ಪಟ್ಟಿ ಬರುತ್ತದೆ. ಗಾಡಿ ನಿಮ್ಮ ಹತ್ತುವ ನಿಲ್ದಾಣವನ್ನು ಮುಟ್ಟಲಿಲ್ಲ, ಇಳಿಯುವ ನಿಲ್ದಾಣಕ್ಕೆ ಮೊದಲೇ ನಿಂತಿತು, ಮೂರು ಗಂಟೆಗಿಂತ ಹೆಚ್ಚು ತಡವಾದ್ದರಿಂದ ಪ್ರಯಾಣ ಮಾಡಲಿಲ್ಲ, ಹೀಗೆ ಒಂದೊಂದಕ್ಕೂ ಬೇರೆ ಸಾಲಿದೆ. ನಡೆದದ್ದಕ್ಕೆ ಸರಿಹೊಂದುವ ಸಾಲನ್ನೇ ಆರಿಸಬೇಕು. ಸುಮ್ಮನೆ 'ಪ್ರಯಾಣ ಮಾಡಲಿಲ್ಲ' ಎಂಬುದನ್ನು ಒತ್ತಿದರೆ ನಿಮ್ಮಿಂದಲೇ ಪ್ರಯಾಣ ತಪ್ಪಿತು ಎಂದಾಗಿ ಅರ್ಜಿ ಬೀಳುತ್ತದೆ.

ಗಡುವೂ ಕಾರಣಕ್ಕೆ ತಕ್ಕಂತೆ ಬದಲಾಗುತ್ತದೆ. ಗಾಡಿ ಮೊದಲೇ ನಿಂತುಹೋದರೆ, ನಿಮ್ಮ ಊರಿಗೆ ಅದು ತಲುಪಬೇಕಿದ್ದ ಹೊತ್ತಿನಿಂದ 72 ಗಂಟೆಯೊಳಗೆ ಕೇಳಬೇಕು. ಮೂರು ಗಂಟೆಗೂ ಮೀರಿದ ವಿಳಂಬಕ್ಕೆ ಗಡುವು ಇನ್ನೂ ಬಿಗಿ. ಗಾಡಿ ನಿಮ್ಮ ನಿಲ್ದಾಣದಿಂದ ನಿಜವಾಗಿ ಹೊರಡುವುದಕ್ಕೆ ಮುಂಚೆಯೇ ಟಿಡಿಆರ್ ಸಲ್ಲಿಸಿರಬೇಕು. ಮನೆಗೆ ಹೋಗಿ ನಾಳೆ ನೋಡೋಣ ಎಂದರೆ ಆ ದಾರಿ ಮುಚ್ಚಿರುತ್ತದೆ.

ಟಿಡಿಆರ್ ತಿರಸ್ಕೃತವಾದರೆ, ದರ ವಾಪಸಾತಿಯ ವ್ಯಾಜ್ಯಕ್ಕೆಂದೇ 1987ರ ಕಾಯ್ದೆಯಡಿ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ ಇದೆ. ಅದರ ಒಂದು ಪೀಠ ಬೆಂಗಳೂರಿನಲ್ಲಿದೆ. ರೈಲ್ವೆಯ ಸೇವಾ ಲೋಪಕ್ಕೆ ಗ್ರಾಹಕ ಆಯೋಗಗಳಿಂದ ಪರಿಹಾರ ಪಡೆದವರೂ ಇದ್ದಾರೆ. ಆದರೆ ಬರೀ ಟಿಕೆಟ್ ದರ ಕೇಳಿ ಆಯೋಗಕ್ಕೆ ಹೋದರೆ, ಇದು ಟ್ರಿಬ್ಯೂನಲ್ಲಿಗೆ ಸೇರಿದ್ದು ಎಂದು ರೈಲ್ವೆಯ ವಕೀಲರು ಮೊದಲ ಆಕ್ಷೇಪ ಎತ್ತುತ್ತಾರೆ. ಅದಕ್ಕೇ ರೈಲಿನ ವಿಷಯದಲ್ಲಿ ನಿಜವಾದ ರಕ್ಷಣೆ ಗಡುವಿನೊಳಗೆ ಸರಿಯಾದ ಕಾರಣ ಕೊಟ್ಟು ಕೇಳುವುದರಲ್ಲೇ ಇದೆ.

ಕೆಎಸ್‌ಆರ್‌ಟಿಸಿ: ದಾಖಲೆ ಕೇಳುವ ಹಕ್ಕು

ಸರ್ಕಾರಿ ಬಸ್ಸಿನಲ್ಲಿ ಸೀಟು ಕಾಯ್ದಿರಿಸಿ, ಬಸ್ಸನ್ನೇ ನಿಗಮ ರದ್ದು ಮಾಡಿದರೆ ಪೂರ್ತಿ ಹಣ ಮರಳಬೇಕು. 2021ರ ಏಪ್ರಿಲ್ 7ರಿಂದ ಎರಡು ವಾರ ಸಾರಿಗೆ ನೌಕರರ ಮುಷ್ಕರ ನಡೆದಾಗ ಬಸ್ಸುಗಳು ರಾಜ್ಯದುದ್ದಕ್ಕೂ ನಿಂತಿದ್ದವು. ಅಂಥ ದಿನಗಳಲ್ಲಿ ಬಸ್ಸು ಓಡಲಿಲ್ಲವೆಂದು ಯಾರಿಗೂ ಸಾಬೀತು ಮಾಡಬೇಕಿಲ್ಲ. ತೊಂದರೆ ಬರುವುದು ಒಂಟಿ ಬಸ್ಸು ತಪ್ಪಿದಾಗ. ಡಿಪೊದಿಂದ ಬಸ್ಸು ಹೊರಡಲಿಲ್ಲ, ಆದರೆ ಕಂಪ್ಯೂಟರಿನಲ್ಲಿ ಅದು ರದ್ದೆಂದು ದಾಖಲಾಗಿಲ್ಲ ಎಂದಾಗ ನಿಮ್ಮ ಟಿಕೆಟ್ ಪ್ರಯಾಣ ಮಾಡದವರ ಲೆಕ್ಕಕ್ಕೆ ಸೇರಿಬಿಡುತ್ತದೆ.

ಆಗ ಮಾಡಬೇಕಾದ ಮೊದಲ ಕೆಲಸವೆಂದರೆ, ಅವತ್ತೇ ನಿಲ್ದಾಣದ ಸಂಚಾರ ನಿಯಂತ್ರಕರ ಬಳಿ ಹೋಗಿ ಬಸ್ಸು ಬಂದಿಲ್ಲವೆಂದು ಟಿಕೆಟ್ಟಿನ ಪ್ರತಿಯ ಮೇಲೆ ಬರೆಸಿಕೊಳ್ಳುವುದು. ಬರೆದುಕೊಡದಿದ್ದರೆ ನೀವೇ ಒಂದು ಚೀಟಿಯಲ್ಲಿ ಹೊತ್ತು, ಮಾರ್ಗ, ಟಿಕೆಟ್ ಸಂಖ್ಯೆ ಬರೆದು ಕೊಟ್ಟು, ಅದರ ಫೋಟೊ ಇಟ್ಟುಕೊಳ್ಳಿ. ಆಮೇಲೆ ಚಾಮರಾಜನಗರದ ವಿಭಾಗೀಯ ನಿಯಂತ್ರಣಾಧಿಕಾರಿಗೆ ಅರ್ಜಿ ಹಾಕಿ. ಬಸ್ಸು ಬೇರೆ ವಿಭಾಗದ್ದಾದರೂ ಅರ್ಜಿಯನ್ನು ಮುಂದಕ್ಕೆ ಕಳಿಸಲು ಅಲ್ಲೇ ಕೋರಬಹುದು.

ನಿಗಮ ಸಾರ್ವಜನಿಕ ಪ್ರಾಧಿಕಾರವಾದ್ದರಿಂದ ಮಾಹಿತಿ ಹಕ್ಕಿನ ದಾರಿಯೂ ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಕರ್ನಾಟಕದಲ್ಲಿ ಅರ್ಜಿ 150 ಪದಗಳನ್ನು ಮೀರಬಾರದು, ಒಂದೇ ವಿಷಯಕ್ಕೆ ಸೇರಿರಬೇಕು. 'ಬಸ್ಸು ಯಾಕೆ ಬರಲಿಲ್ಲ' ಎಂದು ಕೇಳಬೇಡಿ, ಯಾಕೆ ಎಂಬುದಕ್ಕೆ ಉತ್ತರ ಕೊಡುವ ಬಾಧ್ಯತೆ ಅವರಿಗಿಲ್ಲ. 'ಇಂಥ ದಿನ, ಇಂಥ ಹೊತ್ತಿನ, ಇಂಥ ಮಾರ್ಗದ ಬಸ್ಸು ಕಾರ್ಯಾಚರಣೆ ಮಾಡಿದ್ದನ್ನು ತೋರಿಸುವ ದಾಖಲೆಯ ಪ್ರತಿ ಕೊಡಿ' ಎಂದು ಕೇಳಿ. ಬಸ್ಸು ಓಡಿಲ್ಲದಿದ್ದರೆ ಅಂಥ ದಾಖಲೆ ಇರುವುದಿಲ್ಲ. ದಾಖಲೆ ಇಲ್ಲ ಎಂಬ ಉತ್ತರವೇ ನಿಮಗೆ ಪುರಾವೆ.

ಖಾಸಗಿ ಬಸ್ಸು: ಒಂದು ಪ್ರಸಂಗವನ್ನು ಪೂರ್ತಿ ನೋಡೋಣ

ಹೆಚ್ಚಿನ ಜಗಳ ನಡೆಯುವುದು ಇಲ್ಲಿ. ಹಾಗಾಗಿ ಒಂದು ಪ್ರಸಂಗವನ್ನು ಕಲ್ಪಿಸಿಕೊಂಡು ಕೊನೆಯವರೆಗೆ ಹೋಗೋಣ.

ಗುಂಡ್ಲುಪೇಟೆಯ ದಂಪತಿ ಬೆಂಗಳೂರಿನ ಆಸ್ಪತ್ರೆಗೆ ಬೆಳಿಗ್ಗೆ ಹೋಗಬೇಕಿದೆ. ಮೊಬೈಲ್ ಆ್ಯಪ್ ಒಂದರಲ್ಲಿ ಕೋಯಿಕ್ಕೋಡ್‌ನಿಂದ ಬರುವ ಖಾಸಗಿ ಬಸ್ಸಿಗೆ ಎರಡು ಸೀಟು ಮಾಡಿಸಿದ್ದಾರೆ. ಗುಂಡ್ಲುಪೇಟೆಯಲ್ಲಿ ಹತ್ತುವ ಹೊತ್ತು ರಾತ್ರಿ 9.45. ಎರಡು ಟಿಕೆಟ್ಟಿಗೆ 1,300 ರೂಪಾಯಿ, ಆ್ಯಪ್‌ನವರ ಶುಲ್ಕ 40, ಒಟ್ಟು 1,340. ಹತ್ತೂವರೆ ಆಯಿತು, ಬಸ್ಸಿಲ್ಲ. ಚಾಲಕನಿಗೆ ಫೋನು ಮಾಡಿದರೆ, 'ಗೇಟ್ ಸಿಗಲಿಲ್ಲ, ಕುಟ್ಟದ ಮೇಲೆ ಹೋಗ್ತಾ ಇದ್ದೀವಿ' ಎನ್ನುತ್ತಾನೆ.

ಗೇಟ್ ಎಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದುದರಿಂದ 2009ರಲ್ಲಿ ಜಿಲ್ಲಾಡಳಿತ ಈ ಆದೇಶ ಮಾಡಿತು, ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೂ ಕೆಲವೇ ಸರ್ಕಾರಿ ಬಸ್ಸುಗಳಿಗೂ ವಿನಾಯಿತಿ ಇದೆ. ವಯನಾಡಿನ ಕಡೆಯಿಂದ ಬರುವ ವಾಹನ ಮೂಲೆಹೊಳೆ ಚೆಕ್‌ಪೋಸ್ಟ್‌ಗೆ 9ರ ಒಳಗೆ ಬಾರದಿದ್ದರೆ ಅಲ್ಲೇ ನಿಲ್ಲಬೇಕು, ಇಲ್ಲವೇ ಮಾನಂದವಾಡಿ, ಕುಟ್ಟ, ಗೋಣಿಕೊಪ್ಪ, ಹುಣಸೂರಿನ ಮೇಲೆ ಸುತ್ತಿಕೊಂಡು ಮೈಸೂರು ಸೇರಬೇಕು. ಆ ದಾರಿಯಲ್ಲಿ ಗುಂಡ್ಲುಪೇಟೆ ಬರುವುದೇ ಇಲ್ಲ.

ದಂಪತಿ ಈಗ ಏನು ಮಾಡಬೇಕು? ಮೊದಲು, ಆ್ಯಪ್‌ನಲ್ಲಿ ರದ್ದತಿಯ ಗುಂಡಿಯನ್ನು ಒತ್ತಬಾರದು. ಒತ್ತಿದರೆ ಬಸ್ಸು ಹೊರಟ ಮೇಲೆ ಪ್ರಯಾಣಿಕರೇ ರದ್ದು ಮಾಡಿದರು ಎಂದಾಗಿ, ವಾಪಸ್ ಬರುವ ಹಣ ಸೊನ್ನೆ ಎಂದು ತೋರಿಸುತ್ತದೆ. ಅದರ ಬದಲು ಆ್ಯಪ್‌ನ ಸಹಾಯ ವಿಭಾಗದಲ್ಲಿ 'ಬಸ್ಸು ಬರಲಿಲ್ಲ' ಎಂದು ಆಗಲೇ ಬರೆದು ದೂರಿನ ಸಂಖ್ಯೆ ಪಡೆಯಬೇಕು. ಎರಡನೆಯದಾಗಿ, ಬಸ್ಸು ಎಲ್ಲಿದೆ ಎಂದು ತೋರಿಸುವ ನಕಾಶೆ ಆ್ಯಪ್‌ನಲ್ಲಿದ್ದರೆ, ಅದು ಹುಣಸೂರಿನ ದಾರಿಯಲ್ಲಿರುವಾಗಲೇ ಹೊತ್ತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಬೇಕು. ಬೆಳಗಾದರೆ ಆ ನಕಾಶೆ ಅಳಿಸಿಹೋಗಿರುತ್ತದೆ. ಈ ಪ್ರಕರಣದ ಅತ್ಯಂತ ಗಟ್ಟಿ ಪುರಾವೆ ಅದೇ. ಮೂರನೆಯದಾಗಿ, ಹತ್ತುವ ಜಾಗದಲ್ಲಿ ತಾವಿದ್ದದ್ದಕ್ಕೆ ಗುರುತು ಬೇಕು. ನಿಂತ ಜಾಗದ ಒಂದು ಫೋಟೊ, ಚಾಲಕನಿಗೆ ಮಾಡಿದ ಕರೆಗಳ ಪಟ್ಟಿ, ಅವನಿಗೆ ಕಳಿಸಿದ ಒಂದು ಸಂದೇಶ ಸಾಕು. 'ನಾವು ಗುಂಡ್ಲುಪೇಟೆ ನಿಲ್ದಾಣದಲ್ಲಿ ಕಾಯುತ್ತಿದ್ದೇವೆ, ನೀವು ಕುಟ್ಟದ ಮೇಲೆ ಹೋಗುತ್ತಿದ್ದೀರೆಂದು ಹೇಳಿದಿರಿ' ಎಂದು ಬರೆದು ಕಳಿಸಿದರೆ ಆಡಿದ ಮಾತು ಬರಹಕ್ಕೆ ಇಳಿಯುತ್ತದೆ.

ಅವರು ಬಾಡಿಗೆ ಕಾರು ಮಾಡಿಕೊಂಡು 2,000 ರೂಪಾಯಿ ಕೊಟ್ಟು ಮೈಸೂರಿಗೆ ಹೋಗಿ, ಅಲ್ಲಿಂದ 700 ರೂಪಾಯಿ ಕೊಟ್ಟು ಬೇರೆ ಬಸ್ಸು ಹಿಡಿದರು ಎಂದುಕೊಳ್ಳೋಣ. ಕಾರಿನವನಿಗೆ ಹಣವನ್ನು ಫೋನಿನಲ್ಲೇ ಕಳಿಸಿದರೆ ಅದಕ್ಕೂ ದಾಖಲೆ ಉಳಿಯುತ್ತದೆ.

ಬರುವ ಮೂರು ಉತ್ತರಗಳು

ಮೂರು ದಿನ ಬಿಟ್ಟು ಬರುವ ಉತ್ತರ ಸಾಮಾನ್ಯವಾಗಿ ಮೂರರಲ್ಲಿ ಒಂದಾಗಿರುತ್ತದೆ.

ಮೊದಲನೆಯದು, 'ಬಸ್ಸು ಓಡಿದೆ, ನೀವು ಹತ್ತಲಿಲ್ಲ.' ಇದಕ್ಕೆ ಉತ್ತರ ಟಿಕೆಟ್ಟಿನಲ್ಲೇ ಇದೆ. ಅದರಲ್ಲಿ ಹತ್ತುವ ಜಾಗ ಗುಂಡ್ಲುಪೇಟೆ ಎಂದು ಅಚ್ಚಾಗಿದೆ. ಕರಾರು ಆಗಿದ್ದು ಗುಂಡ್ಲುಪೇಟೆಯಿಂದ ಬೆಂಗಳೂರಿಗೆ. ಬಸ್ಸು ಬೇರೆ ದಾರಿಯಲ್ಲಿ ಹೋಗಿದ್ದರೆ ಈ ಇಬ್ಬರ ಮಟ್ಟಿಗೆ ಸೇವೆ ರದ್ದಾಗಿದೆ.

ಎರಡನೆಯದು, 'ಅರಣ್ಯ ಇಲಾಖೆ ತಡೆದರೆ ನಾವೇನು ಮಾಡೋಣ?' ಟಿಕೆಟ್ ಹಣದ ಮಟ್ಟಿಗೆ ಈ ಮಾತಿಗೆ ಬೆಲೆಯಿಲ್ಲ ಎಂಬುದನ್ನು ಆಗಲೇ ನೋಡಿದೆವು. ಪರಿಹಾರದ ಮಟ್ಟಿಗೂ ಇದು ನಿಲ್ಲುವುದು ಕಷ್ಟ. ಮರ ಬಿದ್ದು ರಸ್ತೆ ಮುಚ್ಚಿದರೆ ಅದು ಅನಿರೀಕ್ಷಿತ. 2009ರಿಂದ ದಿನವೂ ಅದೇ ಹೊತ್ತಿಗೆ ಮುಚ್ಚುವ ಗೇಟು ಅನಿರೀಕ್ಷಿತವಾಗದು. ಗೇಟಿನ ಹೊತ್ತು ತಿಳಿದೇ ವೇಳಾಪಟ್ಟಿ ಮಾಡಿ, ಗುಂಡ್ಲುಪೇಟೆಯ ಸೀಟು ಮಾರಿದವರು ಹೊರಡುವುದರಲ್ಲಿ ತಡಮಾಡಿದರೆ ಹೊಣೆ ಅವರದೇ. ಹಾಗಿದ್ದರೂ ಒಂದು ಮಿತಿ ನೆನಪಿರಲಿ. ಘಾಟಿಯಲ್ಲಿ ಭೂಕುಸಿತವಾಗಿ ಬಸ್ಸು ಗಂಟೆಗಟ್ಟಲೆ ಸಿಕ್ಕಿಕೊಂಡಿತ್ತು ಎಂದು ಅವರು ತೋರಿಸಿದರೆ ಪರಿಹಾರದ ಬೇಡಿಕೆ ಸೊರಗುತ್ತದೆ. ಟಿಕೆಟ್ ಹಣದ ಬೇಡಿಕೆ ಆಗಲೂ ಉಳಿಯುತ್ತದೆ.

ಮೂರನೆಯದು ಆ್ಯಪ್‌ನವರದು: 'ನಾವು ಬರೀ ಮಧ್ಯವರ್ತಿ, ಬಸ್ಸಿನವರನ್ನು ಕೇಳಿ.' ಬಸ್ಸಿನವರು, 'ಆ್ಯಪ್‌ನಲ್ಲಿ ಮಾಡಿಸಿದ್ದೀರಿ, ಅವರನ್ನೇ ಕೇಳಿ' ಎನ್ನುತ್ತಾರೆ. ಇಬ್ಬರ ನಡುವೆ ಓಡಾಡಬೇಡಿ, ಇಬ್ಬರಿಗೂ ಒಂದೇ ಪತ್ರ ಕಳಿಸಿ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಇಂಥ ಪ್ರತಿಯೊಂದು ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕವನ್ನು ತನ್ನ ತಾಣದಲ್ಲಿ ತೋರಿಸಬೇಕು. ದೂರು ಬಂದ 48 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಸಹಾಯವಾಣಿಯ ಹುಡುಗನ ಜೊತೆ ವಾದ ಮಾಡುವುದಕ್ಕಿಂತ ಆ ಅಧಿಕಾರಿಗೆ ಬರೆದ ಒಂದು ಇಮೇಲ್ ಹೆಚ್ಚು ಕೆಲಸ ಮಾಡುತ್ತದೆ.

ಇನ್ನೊಂದು ಸಂಗತಿ. ಹಣದ ಬದಲು ಆ್ಯಪ್‌ನ ವ್ಯಾಲೆಟ್ಟಿಗೆ ಕೂಪನ್ ಹಾಕುತ್ತೇವೆ ಎಂದರೆ, ಬೇಡವಾದರೆ ಬೇಡವೆಂದು ಬರೆದೇ ತಿಳಿಸಿ. ಸುಮ್ಮನಿದ್ದು ಕೂಪನ್ ಬಳಸಿಬಿಟ್ಟರೆ ಲೆಕ್ಕ ಚುಕ್ತಾ ಆಯಿತು ಎಂದು ಅವರು ವಾದಿಸಬಹುದು.

ಪತ್ರ ಹೇಗಿರಬೇಕು

ಪತ್ರದಲ್ಲಿ ಸಿಟ್ಟು ಬೇಡ, ವಿಶೇಷಣಗಳು ಬೇಡ. ಏನು ಕೊಂಡೆವು, ಏನಾಯಿತು, ಎಷ್ಟು ಬೇಕು, ಯಾವಾಗ ಬೇಕು ಎಂಬ ನಾಲ್ಕು ವಿಷಯ ಸಾಕು. ಈ ದಂಪತಿಯ ಪತ್ರ ಹೀಗಿರಬಹುದು:

"ನಿಮ್ಮ ಬಸ್ಸಿನಲ್ಲಿ ಗುಂಡ್ಲುಪೇಟೆಯಿಂದ ಬೆಂಗಳೂರಿಗೆ ಎರಡು ಸೀಟುಗಳನ್ನು ಕಾಯ್ದಿರಿಸಿ 1,340 ರೂಪಾಯಿ ಪಾವತಿಸಿದ್ದೇವೆ. ಟಿಕೆಟ್ಟಿನ ಪ್ರತಿ ಲಗತ್ತಿಸಿದೆ. ರಾತ್ರಿ 9.45ಕ್ಕೆ ಗುಂಡ್ಲುಪೇಟೆಗೆ ಬರಬೇಕಿದ್ದ ಬಸ್ಸು ಕುಟ್ಟ ಮಾರ್ಗವಾಗಿ ಹೋಗಿದ್ದು, ನಮ್ಮ ಹತ್ತುವ ಸ್ಥಳಕ್ಕೆ ಬರಲೇ ಇಲ್ಲ. ಅದನ್ನು ತೋರಿಸುವ ಸ್ಕ್ರೀನ್‌ಶಾಟ್ ಮತ್ತು ಚಾಲಕರಿಗೆ ಕಳಿಸಿದ ಸಂದೇಶವನ್ನು ಲಗತ್ತಿಸಿದೆ. ಪ್ರಯಾಣ ನಡೆಯದಿರುವುದರಿಂದ ಟಿಕೆಟ್ ಮೊತ್ತ 1,340 ರೂಪಾಯಿಗಳನ್ನೂ, ಬದಲಿ ಪ್ರಯಾಣಕ್ಕೆ ಆದ ಹೆಚ್ಚುವರಿ ವೆಚ್ಚ 1,360 ರೂಪಾಯಿಗಳನ್ನೂ ಈ ಪತ್ರ ತಲುಪಿದ 15 ದಿನಗಳೊಳಗೆ ನಾವು ಪಾವತಿಸಿದ ಖಾತೆಗೇ ಮರಳಿಸಬೇಕೆಂದು ಕೋರುತ್ತೇವೆ. ತಪ್ಪಿದಲ್ಲಿ ಚಾಮರಾಜನಗರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇವೆ."

1,360 ಎಲ್ಲಿಂದ ಬಂತು ಎಂಬ ಲೆಕ್ಕವನ್ನು ನೋಡಿಕೊಳ್ಳಿ. ಬದಲಿ ಪ್ರಯಾಣಕ್ಕೆ ಆದದ್ದು 2,700. ಬಸ್ಸು ಬಂದಿದ್ದರೂ ಇವರ ಕೈಯಿಂದ 1,340 ಹೋಗುತ್ತಿತ್ತು. ಟಿಕೆಟ್ ಹಣ ಪೂರ್ತಿ ವಾಪಸ್ ಬಂದ ಮೇಲೆ ಉಳಿಯುವ ನಿಜವಾದ ನಷ್ಟ 2,700ರಲ್ಲಿ 1,340 ಕಳೆದದ್ದು. ಟಿಕೆಟ್ ಹಣವನ್ನೂ ಕೇಳಿ, 2,700 ಅನ್ನೂ ಪೂರ್ತಿ ಕೇಳಿದರೆ ಬೆಂಗಳೂರಿಗೆ ಪುಕ್ಕಟೆ ಹೋದಂತಾಗುತ್ತದೆ, ಆಯೋಗ ಅದನ್ನು ಒಪ್ಪುವುದಿಲ್ಲ. ಲೆಕ್ಕ ಸರಿಯಿದ್ದರೆ ನಿಮ್ಮ ಉಳಿದ ಮಾತಿಗೂ ತೂಕ ಬರುತ್ತದೆ.

ಪತ್ರವನ್ನು ಇಮೇಲ್‌ನಲ್ಲಿ ಕಳಿಸಿ, ಜೊತೆಗೆ ಅಂಚೆಯಲ್ಲೂ ನೋಂದಾಯಿಸಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಈ ನಡುವೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಅವರು ಸಂಸ್ಥೆಗೆ ದೂರನ್ನು ತಲುಪಿಸಿ ರಾಜಿಗೆ ಪ್ರಯತ್ನಿಸುತ್ತಾರೆ, ಎಷ್ಟೋ ಸಣ್ಣ ಮೊತ್ತಗಳು ಅಲ್ಲೇ ಮುಗಿಯುತ್ತವೆ. ಆದರೆ ಆದೇಶ ಮಾಡುವ ಅಧಿಕಾರ ಸಹಾಯವಾಣಿಗೆ ಇಲ್ಲ.

ಚಾಮರಾಜನಗರದ ಆಯೋಗದಲ್ಲಿ

ಪತ್ರಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಬಸ್ಸಿನವರ ಕಚೇರಿ ಕೇರಳದಲ್ಲಿದೆ, ಆ್ಯಪ್‌ನವರ ಕಚೇರಿ ದೊಡ್ಡ ನಗರದಲ್ಲಿದೆ, ನಾವೆಲ್ಲಿಗೆ ಹೋಗುವುದು ಎಂಬ ಭಯ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗುಂಡ್ಲುಪೇಟೆಯವರಿಗೆ ಅದು ಚಾಮರಾಜನಗರ. ವಕೀಲರು ಇರಲೇಬೇಕೆಂದಿಲ್ಲ. ಸೇವೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿನ ಶುಲ್ಕವೂ ಇಲ್ಲ. ಆನ್‌ಲೈನಿನಲ್ಲಿ e-Jagriti ತಾಣದ ಮೂಲಕವೂ ಸಲ್ಲಿಸಬಹುದು.

ದೂರಿನಲ್ಲಿ ಬಸ್ಸಿನ ಮಾಲೀಕರು ಮತ್ತು ಆ್ಯಪ್ ಸಂಸ್ಥೆ, ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಎಡವುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. ಬಸ್ಸಿನ ಮೈಮೇಲೆ ಬರೆದ ಹೆಸರು ಬೇರೆ, ಸಂಸ್ಥೆಯ ಕಾನೂನಿನ ಹೆಸರು ಬೇರೆ ಇರುತ್ತದೆ. ಟಿಕೆಟ್ಟಿನ ಕೆಳಭಾಗದಲ್ಲಿ ಅಥವಾ ಜಿಎಸ್‌ಟಿ ಬಿಲ್ಲಿನಲ್ಲಿ ಪೂರ್ತಿ ಹೆಸರು, ವಿಳಾಸ ಇದೆಯೇ ನೋಡಿ, ಅದನ್ನೇ ಬರೆಯಿರಿ. ಹೆಸರು ತಪ್ಪಿದರೆ ನೋಟಿಸ್ ತಲುಪುವುದಿಲ್ಲ, ಪ್ರಕರಣ ಅಲ್ಲೇ ನಿಲ್ಲುತ್ತದೆ.

ಕೋರಿಕೆಯನ್ನು ಮತ್ತೆ ಅದೇ ಕ್ರಮದಲ್ಲಿ ಬರೆಯಿರಿ: ಮೊದಲು ಟಿಕೆಟ್ ಹಣ 1,340, ಆಮೇಲೆ ಹೆಚ್ಚುವರಿ ವೆಚ್ಚ 1,360, ಆಮೇಲೆ ಮನೋವೇದನೆಗೆ ಪರಿಹಾರ, ಕೊನೆಗೆ ದೂರಿನ ಖರ್ಚು. ಆಸ್ಪತ್ರೆಯ ಚೀಟಿ ಇದ್ದರೆ ಅದನ್ನೂ ಲಗತ್ತಿಸಿ, ರಾತ್ರಿ ಹತ್ತೂವರೆಗೆ ದಾರಿಯಲ್ಲಿ ನಿಲ್ಲಿಸಿದ್ದರ ತೀವ್ರತೆ ಅದರಿಂದ ತಿಳಿಯುತ್ತದೆ. ಎರಡು ಸೀಟಿನ ಟಿಕೆಟ್ಟಿಗೆ ಐದು ಲಕ್ಷ ಪರಿಹಾರ ಕೇಳುವುದರಿಂದ ಪ್ರಯೋಜನವಿಲ್ಲ. ಕೇಳಿದಷ್ಟಕ್ಕೂ ಕಾರಣ ತೋರಿಸಬೇಕಾಗುತ್ತದೆ.

ಹಣ ಕೊಡದಿರುವುದನ್ನೇ ಕಾಯ್ದೆ ಒಂದು ತಪ್ಪೆಂದು ಹೇಳಿದೆ ಎಂಬುದು ಇಲ್ಲಿ ನೆರವಿಗೆ ಬರುತ್ತದೆ. ಲೋಪವುಳ್ಳ ಸೇವೆಯ ಹಣವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ ಮೂವತ್ತು ದಿನದಲ್ಲಿ ಮರಳಿಸದಿರುವುದನ್ನು 2ನೇ ಕಲಮಿನ 47ನೇ ಉಪಕಲಮು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಹಾಗಾಗಿ ಬಸ್ಸು ಬಾರದಿದ್ದುದು ಒಂದು ದೂರು, ಹಣ ನಿರಾಕರಿಸಿದ್ದು ಇನ್ನೊಂದು ದೂರು. ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆಯಿರಿ.

ದೂರು ದಾಖಲಾದ ಮೇಲೆ ಎದುರುದಾರರಿಗೆ ನೋಟಿಸ್ ಹೋಗುತ್ತದೆ. ಉತ್ತರ ಕೊಡಲು ಅವರಿಗೆ 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಅದರಾಚೆಗೆ ಅವಧಿ ಹಿಗ್ಗಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಆಮೇಲೆ ನೀವು ಪ್ರಮಾಣಪತ್ರದ ಮೂಲಕ ಸಾಕ್ಷ್ಯ ಕೊಡಬೇಕು. ಸ್ಕ್ರೀನ್‌ಶಾಟಿನ ಮುದ್ರಿತ ಪ್ರತಿ ಕೊಟ್ಟಿದ್ದರೂ ಮೂಲವನ್ನು ಫೋನಿನಿಂದ ಅಳಿಸಬೇಡಿ. ಫೋನು ಬದಲಿಸಿದರೆ ಹಳೆಯದನ್ನು ಮಾರದೆ ಇಟ್ಟುಕೊಳ್ಳಿ. ಕಾಯ್ದೆಯಲ್ಲಿ ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂದಿದ್ದರೂ ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುವುದೇ ಸಾಮಾನ್ಯ.

ಘಟನೆ ನಡೆದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಇಮೇಲ್ ಬರೆಯುತ್ತಾ, ಸಹಾಯವಾಣಿಗೆ ಕರೆ ಮಾಡುತ್ತಾ ಕಳೆದ ದಿನಗಳೂ ಆ ಎರಡು ವರ್ಷದಲ್ಲೇ ಸೇರುತ್ತವೆ. ಆದೇಶವಾದ ಮೇಲೆ ಎದುರುದಾರರು 45 ದಿನದಲ್ಲಿ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಆದರೆ ಆದೇಶದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಗೂ ಹೋಗದೆ, ಹಣವನ್ನೂ ಕೊಡದೆ ಕುಳಿತರೆ ನೀವು ಅದೇ ಚಾಮರಾಜನಗರದ ಆಯೋಗದಲ್ಲಿ ಜಾರಿ ಅರ್ಜಿ ಹಾಕಬೇಕು. ಕಾಯ್ದೆಯ 72ನೇ ಕಲಮಿನಡಿ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸುವ ಅಧಿಕಾರ ಆಯೋಗಕ್ಕಿದೆ. 1,340 ರೂಪಾಯಿ ಉಳಿಸಿಕೊಳ್ಳಲು ಆ ಹಂತದವರೆಗೆ ಹೋಗುವುದು ಬಸ್ಸಿನವರಿಗೆ ಲಾಭದ ಮಾತಲ್ಲ. ದಾಖಲೆ ಸರಿಯಿರುವ ದೂರು ನೋಟಿಸ್ ತಲುಪಿದಾಗಲೇ ರಾಜಿಗೆ ಬರುವುದು ಇದರಿಂದಲೇ. ರಾಜಿಗೆ ಒಪ್ಪುವುದಾದರೆ ಹಣ ಖಾತೆಗೆ ಬಂದ ಮೇಲೆ ದೂರನ್ನು ಹಿಂದಕ್ಕೆ ಪಡೆಯಿರಿ, ಅದಕ್ಕೆ ಮುಂಚೆ ಬೇಡ.